ಕತ್ತಿನ ಮೇಲೆ ಸುಟ್ಟಂಥ ಗೆರೆ: ಲೈಟಿಗೆ ಬರುವ ಹುಳದ ಕೆಲಸವಾ, ಸರ್ಪಸುತ್ತಾ?

ಕಿಟಕಿ ಪಕ್ಕದವನು · ಗುರುವಾರ, ಬೆಳಿಗ್ಗೆ 7:10

ಎಲ್ಲರಿಗೂ ನಮಸ್ಕಾರ. ಇವತ್ತು ಎದ್ದು ಕನ್ನಡಿ ನೋಡಿಕೊಂಡರೆ ಕತ್ತಿನ ಮುಂದೆ ಅಡ್ಡಲಾಗಿ ಒಂದು ಕೆಂಪು ಗೆರೆ. ಬಲ ದವಡೆಯ ಕೆಳಗೆ ಶುರುವಾಗಿ, ಗಂಟಲಿನ ಮೇಲೆ ಹಾದು, ಎಡಗಡೆಗೂ ಸ್ವಲ್ಪ ದಾಟಿದೆ. ಅರ್ಧ ಗೇಣು ಉದ್ದ ಇರಬಹುದು, ಬೆರಳಿನಷ್ಟು ಅಗಲ. ಯಾರೋ ಬ್ರಷ್ಷಿನಲ್ಲಿ ಎಳೆದ ಹಾಗಿದೆ. ಅದರ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಗುಳ್ಳೆಗಳು. ಉರಿ ಹೇಗಿದೆ ಅಂದರೆ, ಬಿಸಿ ಎಣ್ಣೆ ಸಿಡಿದ ಹಾಗೆ. ಎಡ ಮೊಣಕೈ ಮಡಚುವ ಕಡೆಯೂ ಎರಡು ಕೆಂಪು ಮಚ್ಚೆ ಎದ್ದಿದೆ.

ನಿನ್ನೆ ರಾತ್ರಿ ಎಲ್ಲ ಬಾಗಿಲು ಕಿಟಕಿ ಹಾಕಿಕೊಂಡು, ಲೈಟ್ ಆರಿಸಿ, ಒಂಬತ್ತೂವರೆಗೇ ಮಲಗಿದ್ದೆ. ಹುಳ ಕಚ್ಚಿದ ನೆನಪೇ ಇಲ್ಲ. ಮನೆಯಲ್ಲಿ ಸರ್ಪಸುತ್ತು ಅಂತಿದ್ದಾರೆ. ಯಾರಿಗಾದರೂ ಹೀಗಾಗಿದೆಯಾ?

ನಿದ್ದೆಗೇಡಿ · 7:25

ಸಾಲಾಗಿ ಗುಳ್ಳೆ ಎದ್ದಿದೆ ಅಂದರೆ ತಿಗಣೆ, ಅನುಮಾನವೇ ಬೇಡ. ಅದು ಮೂರು ನಾಲ್ಕು ಕಡೆ ಒಂದೇ ಸಾಲಿನಲ್ಲಿ ಕಚ್ಚುತ್ತದೆ. ನಮ್ಮ ಮನೆಯಲ್ಲಿ ಆರು ತಿಂಗಳು ಒದ್ದಾಡಿದ್ದೇವೆ. ಮಂಚದ ಸಂದಿ ಎಲ್ಲ ಟಾರ್ಚ್ ಹಿಡಿದು ನೋಡಿ.

ನೇರ ಮಾತು · 7:40

ತಿಗಣೆ ಅಲ್ಲ. ಇದು ಆಸಿಡ್ ಫ್ಲೈ. ಮಳೆ ಬಿದ್ದ ಮೇಲೆ ಟ್ಯೂಬ್‌ಲೈಟ್ ಸುತ್ತ ಬರುತ್ತದೆ. ಇರುವೆ ಥರ ಉದ್ದಕ್ಕೆ, ಕೇಸರಿ ಕಪ್ಪು ಬಣ್ಣ. ಮೈಮೇಲೆ ಕೂತು ಆಸಿಡ್ ಉಗುಳಿ ಹೋಗುತ್ತದೆ. ರಾತ್ರಿ ನೀವು ಮಲಗಿದ್ದಾಗ ಕತ್ತಿನ ಮೇಲೆ ಓಡಾಡಿದೆ, ಅಷ್ಟೇ. ಟೂತ್‌ಪೇಸ್ಟ್ ಹಚ್ಚಿ, ಆಸಿಡ್ ಹೋಗುತ್ತದೆ.

ಕಿಟಕಿ ಪಕ್ಕದವನು · 7:48

ಆದರೆ ನಿನ್ನೆ ಲೈಟೇ ಇರಲಿಲ್ಲ ಸರ್. ಕಿಟಕಿಯೂ ಹಾಕಿತ್ತು.

ಆರು ಕಾಲು · 8:15

ನಾನು ಹುಳಗಳ ಮೇಲೆ ಕೆಲಸ ಮಾಡುವವನು, ಬೆಳೆಗೆ ಬರುವ ಹುಳ ನನ್ನ ಕಸುಬು. ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಈ ಗೆರೆ ನನ್ನ ಮೈಮೇಲೇ ಮೂರು ಸಲ ಎದ್ದಿದೆ.

ನೀವು ನಿನ್ನೆ ರಾತ್ರಿಯನ್ನು ಹುಡುಕುತ್ತಿದ್ದೀರಿ. ಅದನ್ನು ಬಿಡಿ. ಮೊನ್ನೆ, ಅಂದರೆ ಮಂಗಳವಾರ ಸಂಜೆ, ಎಲ್ಲಿ ಕೂತಿದ್ದಿರಿ? ಲೈಟ್ ಎಲ್ಲಿತ್ತು? ಕತ್ತಿನ ಮೇಲೆ ಏನೋ ಹರಿದ ಹಾಗಾಗಿ ಕೈಯಲ್ಲಿ ಸವರಿಕೊಂಡಿದ್ದಿರಾ?

ಇನ್ನೊಂದು ಪ್ರಶ್ನೆ. ಮೊಣಕೈ ಹತ್ತಿರದ ಎರಡು ಮಚ್ಚೆ ಒಂದು ತೋಳಿನ ಮೇಲೆ, ಇನ್ನೊಂದು ಮುಂಗೈ ಮೇಲೆ ಇದೆಯಾ? ಕೈ ಮಡಚಿದರೆ ಎರಡೂ ಒಂದರ ಮೇಲೊಂದು ಸರಿಯಾಗಿ ಕೂರುತ್ತವಾ? ಮಡಚಿ ನೋಡಿ ಹೇಳಿ.

ಕಿಟಕಿ ಪಕ್ಕದವನು · 8:40

ಮಡಚಿ ನೋಡಿದೆ. ಅಚ್ಚು ಒತ್ತಿದ ಹಾಗೆ ಕೂರುತ್ತವೆ! ಇದನ್ನು ಹೇಗೆ ಊಹಿಸಿದಿರಿ?

ಮಂಗಳವಾರ ಸಂಜೆ ಎಂಟೂವರೆ ಹೊತ್ತಿಗೆ ಕಿಟಕಿ ಪಕ್ಕ ಕೂತು ಲೆಕ್ಕ ಬರೆಯುತ್ತಿದ್ದೆ. ತಲೆ ಮೇಲೇ ಟ್ಯೂಬ್‌ಲೈಟ್, ಕಿಟಕಿ ತೆಗೆದಿತ್ತು. ಮಳೆ ಬಿಟ್ಟಿತ್ತು, ಹುಳ ಜಾಸ್ತಿ ಇತ್ತು. ಕತ್ತಿನ ಮೇಲೆ ಏನೋ ಹರಿದ ಹಾಗಾಯಿತು, ಬಲಗೈಯಲ್ಲಿ ಒರೆಸಿ ಬಿಸಾಕಿದೆ. ಇರುವೆ ಅಂದುಕೊಂಡೆ. ಆಮೇಲೆ ಅದೇ ಕೈಯಲ್ಲಿ ಎಡಗೈ ತುರಿಸಿಕೊಂಡಿರಬಹುದು. ಕೈ ತೊಳೆದಿದ್ದು ಊಟಕ್ಕೆ ಏಳುವಾಗ, ಅರ್ಧ ಗಂಟೆ ಬಿಟ್ಟು. ಬುಧವಾರ ಹಗಲೆಲ್ಲ ಏನೂ ಇರಲಿಲ್ಲ. ಬುಧವಾರ ರಾತ್ರಿ ಮಲಗುವಾಗ ಕತ್ತು ಸ್ವಲ್ಪ ಚುರುಗುಟ್ಟಿತು, ಕಾಲರ್ ಉಜ್ಜಿದ್ದು ಅಂದುಕೊಂಡೆ.

ಆರು ಕಾಲು · 9:05

ಹಾಗಾದರೆ ಕಥೆ ಸರಿಹೋಯಿತು. ಇದು ಪೆಡೆರಸ್ ಅನ್ನುವ ಜೀರುಂಡೆ. ಆಸಿಡ್ ಫ್ಲೈ ಅಂತ ಕರೆಯುವುದು ಇದನ್ನೇ. ಆದರೆ ಅದು ನೊಣವೂ ಅಲ್ಲ, ಅದರಲ್ಲಿ ಆಸಿಡ್ಡೂ ಇಲ್ಲ. ಉಗುಳುವುದಿಲ್ಲ, ಕಚ್ಚಿ ವಿಷ ಬಿಡುವುದಿಲ್ಲ, ಚುಚ್ಚುವುದೂ ಇಲ್ಲ. ಸುಮ್ನೆ ಮೈಮೇಲೆ ನಡೆದು ಹೋದರೆ ಏನೂ ಆಗುವುದಿಲ್ಲ. ವಿಷ ಇರುವುದು ಅದರ ಮೈಯೊಳಗಿನ ದ್ರವದಲ್ಲಿ. ನಾವು ಅದನ್ನು ಹೊಸಕಿದಾಗ ಮಾತ್ರ ಅದು ಹೊರಗೆ ಬರುತ್ತದೆ. ನಿಮ್ಮ ಕತ್ತಿನ ಗೆರೆ ಹುಳ ನಡೆದ ದಾರಿಯಲ್ಲ. ನಿಮ್ಮ ಕೈ ಒರೆಸಿದ ದಾರಿ.

ಆ ವಿಷಕ್ಕೆ ಪೆಡೆರಿನ್ ಅನ್ನುತ್ತಾರೆ. ಹುಳ ತಾನೇ ಅದನ್ನು ಮಾಡಿಕೊಳ್ಳುವುದಿಲ್ಲ. ಅದರೊಳಗೆ ವಾಸ ಮಾಡುವ ಒಂದು ಬ್ಯಾಕ್ಟೀರಿಯಾ ಮಾಡಿಕೊಡುತ್ತದೆ. ಚರ್ಮದ ಜೀವಕೋಶ ಪ್ರೋಟೀನ್ ತಯಾರಿಸುವುದನ್ನೇ ಇದು ನಿಲ್ಲಿಸಿಬಿಡುತ್ತದೆ. ಆಸಿಡ್ ಆಗಿದ್ದರೆ ಬಿದ್ದ ಕ್ಷಣವೇ ಸುಡುತ್ತಿತ್ತು. ಇಲ್ಲಿ ಹಾಗಲ್ಲ. ಜೀವಕೋಶ ಇರುವ ಸರಕಲ್ಲಿ ಸ್ವಲ್ಪ ಹೊತ್ತು ದೂಡುತ್ತದೆ, ಆಮೇಲೆ ಸಾಯುತ್ತದೆ. ಅದಕ್ಕೇ ಹೆಚ್ಚುಕಡಿಮೆ ಒಂದು ದಿನ ಏನೂ ಕಾಣುವುದಿಲ್ಲ, ಆಮೇಲೆ ಉರಿ ಶುರು. ಗುಳ್ಳೆ ಪೂರ್ತಿ ಏಳಲು ಎರಡನೇ ದಿನವೂ ಬೇಕು. ಗೆರೆ ನೋಡಿದ ಬೆಳಿಗ್ಗೆ ಎಲ್ಲರೂ ಹಾಸಿಗೆ ಕೊಡವುತ್ತಾರೆ. ಹುಳ ಹೋಗಿ ಒಂದೂವರೆ ದಿನ ಆಗಿರುತ್ತದೆ.

ಮೊಣಕೈಯದು ಇನ್ನೂ ಸುಲಭ. ವಿಷ ಒಂದೇ ಕಡೆ ತಗುಲಿತು, ನೀವು ಕೈ ಮಡಚಿದಿರಿ, ಎದುರಿನ ಚರ್ಮಕ್ಕೂ ಅಂಟಿತು. ಈ ಜೋಡಿ ಅಚ್ಚು ಕಂಡರೆ ಹೊರಗಿನಿಂದ ಏನೋ ಮೆತ್ತಿದೆ ಅಂತ ಅರ್ಥ.

ನೇರ ಮಾತು ಅವರೇ, ನೀವು ಹೇಳಿದ ಹುಳದ ಗುರುತು ಸರಿ ಇದೆ. ಟೂತ್‌ಪೇಸ್ಟ್ ಮಾತ್ರ ಬೇಡ. ಇಲ್ಲಿ ಆಸಿಡ್ ಇಲ್ಲ ಅಂದಮೇಲೆ ಅದು ಏನನ್ನು ತೆಗೆಯಬೇಕು? ಅದರಲ್ಲಿರುವ ಪುದೀನ ಸತ್ವ ಕಿತ್ತ ಚರ್ಮವನ್ನು ಇನ್ನಷ್ಟು ಉರಿಸುತ್ತದೆ.

ನೇರ ಮಾತು · 9:20

ನಾನು ಹಚ್ಚಿದಾಗ ತಣ್ಣಗಾಗಿತ್ತಪ್ಪ. ಆದರೂ ಸರಿ, ಕಚ್ಚಲ್ಲ ಅನ್ನುವುದು ನನಗೆ ಹೊಸದು. ಹಾಗಾದರೆ ನಮ್ಮ ಮನೆಯಲ್ಲಿ ಒಂದೇ ರೂಮಲ್ಲಿ ಮಲಗಿದ ಐದು ಜನರಲ್ಲಿ ನನಗೊಬ್ಬನಿಗೇ ಯಾಕಾಯಿತು ಅಂತ ಈಗ ಗೊತ್ತಾಯಿತು. ಹೊಡೆಯುವ ಚಾಳಿ ನನ್ನದೇ.

ಹೂದೋಟ · 9:50

ನನ್ನ ಅನುಭವ ಬೇರೆ ಥರ ಇದೆ. ಹೋದ ವರ್ಷ ದಾಸವಾಳದ ಹೂವಿನೊಳಗೆ ಒಂದು ದಪ್ಪ ಜೀರುಂಡೆ ಕೂತಿತ್ತು. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ಕಪ್ಪು ಮೈ, ಅಡ್ಡಕ್ಕೆ ಕಿತ್ತಳೆ ಪಟ್ಟೆ. ಹೂ ತಿಂದು ಹಾಳು ಮಾಡುತ್ತಿತ್ತು ಅಂತ ಬೆರಳಲ್ಲಿ ಹಿಡಿದು ಎಳೆದೆ. ಕಾಲಿನ ಕೀಲಿನಿಂದ ಹಳದಿ ನೀರು ಬಂತು, ಮಣಿಕಟ್ಟಿನ ತನಕ ಇಳಿಯಿತು. ಸೆರಗಿಗೆ ಒರೆಸಿಕೊಂಡೆ. ಹಿಡಿದಿದ್ದು ಬೆಳಿಗ್ಗೆ ಏಳಕ್ಕೆ. ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟಿನ ಮೇಲೆ ದ್ರಾಕ್ಷಿಯಷ್ಟು ದೊಡ್ಡ ನೀರುಗುಳ್ಳೆ, ಜೋಲಾಡುವಂಥದ್ದು. ಆಶ್ಚರ್ಯ ಅಂದರೆ ನೋವೇ ಇರಲಿಲ್ಲ, ಸ್ವಲ್ಪ ಜುಮುಜುಮು ಅಷ್ಟೇ. ಒಂದು ದಿನ ಎಲ್ಲ ಕಾಯಬೇಕಾಗಿ ಬರಲಿಲ್ಲ. ಬ್ಲಿಸ್ಟರ್ ಬೀಟಲ್ ಅಂತ ಹೇಳಿದರು. ಇದೂ ಅದೂ ಒಂದೇನಾ?

ಆರು ಕಾಲು · 10:20

ಒಂದಲ್ಲ ಅಕ್ಕ. ಹೆಸರು ಮಾತ್ರ ಎರಡಕ್ಕೂ ಒಂದೇ ಅಂಟಿಕೊಂಡಿದೆ, ಗೊಂದಲ ಎಲ್ಲ ಅಲ್ಲೇ. ನಿಮ್ಮದು ನಿಜವಾದ ಬ್ಲಿಸ್ಟರ್ ಬೀಟಲ್. ಅದರ ವಿಷ ಕ್ಯಾಂಥರಿಡಿನ್. ಒತ್ತಿದರೆ ಕಾಲಿನ ಕೀಲಿನಿಂದ ತಾನಾಗಿ ರಕ್ತ ಜಿನುಗಿಸುತ್ತದೆ, ನೀವು ನೋಡಿದ ಹಳದಿ ನೀರು ಅದೇ. ಹಾಗಾಗಿ ಇದನ್ನು ಪೂರ್ತಿ ಹೊಸಕಬೇಕು ಅಂತಿಲ್ಲ, ಹಿಡಿದರೂ ಸಾಕು. ಕ್ಯಾಂಥರಿಡಿನ್ ಚರ್ಮದ ಮೇಲ್ಪದರದ ಕೋಶಗಳ ನಡುವಿನ ಬೆಸುಗೆಯನ್ನು ಬಿಚ್ಚುತ್ತದೆ. ಬೆಸುಗೆ ಬಿಟ್ಟರೆ ಕೆಲವೇ ಗಂಟೆಯಲ್ಲಿ ನೀರು ತುಂಬುತ್ತದೆ. ಅದಕ್ಕೇ ದೊಡ್ಡ, ಸಡಿಲ ಗುಳ್ಳೆ, ನೋವು ಕಡಿಮೆ. ಪದರ ಮೇಲಿನದೇ ಆದ್ದರಿಂದ ಸಾಮಾನ್ಯವಾಗಿ ಕಲೆ ಉಳಿಯದೆ ಮಾಯುತ್ತದೆ. ಡಾಕ್ಟರುಗಳು ಇದೇ ಕ್ಯಾಂಥರಿಡಿನ್ನನ್ನು ಅಳತೆ ಮಾಡಿ ಕೆಲವು ಥರದ ಗಂಟು ತೆಗೆಯಲು ಹಚ್ಚುತ್ತಾರೆ.

ಪೆಡೆರಸ್ ಚಿಕ್ಕದು, ಒಂದು ಸೆಂಟಿಮೀಟರ್ ಒಳಗೇ. ತಲೆ ಕಪ್ಪು, ಎದೆ ಕಿತ್ತಳೆ, ನಡುವೆ ನೀಲಿ ಹೊಳಪಿನ ಗಿಡ್ಡ ರೆಕ್ಕೆ ಕವಚ, ಹೊಟ್ಟೆ ಮತ್ತೆ ಕಿತ್ತಳೆ, ಬಾಲದ ತುದಿ ಕಪ್ಪು. ಹೆದರಿದರೆ ಚೇಳಿನ ಹಾಗೆ ಬಾಲ ಎತ್ತುತ್ತದೆ. ಕವಚ ಗಿಡ್ಡ ಆದ್ದರಿಂದ ರೆಕ್ಕೆ ಇಲ್ಲದ ಇರುವೆ ಅನ್ನಿಸುತ್ತದೆ, ಆದರೆ ಚೆನ್ನಾಗಿ ಹಾರುತ್ತದೆ.

ಒಂದು ಎಚ್ಚರ. ಬ್ಲಿಸ್ಟರ್ ಬೀಟಲ್ ಜಾತಿಯಲ್ಲೂ ಕೆಲವು ರಾತ್ರಿ ಲೈಟಿಗೆ ಬರುತ್ತವೆ. ಲೈಟಿಗೆ ಬಂದ ಮಾತ್ರಕ್ಕೆ ಪೆಡೆರಸ್ ಅನ್ನಲಾಗದು. ನಾನು ಗಡಿಯಾರ ನೋಡುತ್ತೇನೆ. ಅದೇ ದಿನ, ಕೆಲವು ಗಂಟೆಯಲ್ಲಿ ದೊಡ್ಡ ನೀರುಗುಳ್ಳೆ ಎದ್ದರೆ ಅದು ಒಂದು. ಒಂದು ದಿನ ಸುಮ್ಮನಿದ್ದು ಆಮೇಲೆ ಉರಿಯುವ ಗೆರೆ ಬಂದರೆ ಇದು ಇನ್ನೊಂದು.

ಎರಡು ಮಕ್ಕಳ ತಾಯಿ · 10:45

ಇದನ್ನೆಲ್ಲ ಓದಿ ಕೈಕಾಲು ತಣ್ಣಗಾಯಿತು. ನಿನ್ನೆ ರಾತ್ರಿ ಮಗಳ ಓದುವ ಮೇಜಿನ ಮೇಲೆ ಇಂಥದ್ದೇ ಎರಡು ಹುಳ ಸತ್ತು ಬಿದ್ದಿದ್ದವು. ಬರಿಗೈಯಲ್ಲಿ ಗುಡಿಸಿ ಹಾಕಿದೆ. ಸತ್ತಿದ್ದಕ್ಕೆ ಏನೂ ಆಗಲ್ಲ ಅಲ್ವಾ?

ಆರು ಕಾಲು · 10:52

ಆಗುತ್ತದೆ. ಒಣಗಿದ ಹುಳದಲ್ಲೂ ವಿಷ ಹಾಗೇ ಉಳಿದಿರುತ್ತದೆ. ನನ್ನ ಮೂರನೇ ಗೆರೆ ಬಂದಿದ್ದೇ ಹಾಗೆ, ಡಬ್ಬಿಯಲ್ಲಿಟ್ಟ ಹಳೇ ಹುಳವನ್ನು ಬೆರಳಲ್ಲಿ ಪುಡಿ ಮಾಡಿ. ಗುಡಿಸುವಾಗ ಕಾಗದದಲ್ಲಿ ಎತ್ತಿ. ಹೊಸಕಿರದಿದ್ದರೆ ಹೆದರಬೇಡಿ, ಆದರೂ ಈಗಲೇ ಕೈಯನ್ನು ಉಗುರಿನ ಸಂದಿ ಸಮೇತ ಸೋಪಿನಲ್ಲಿ ತೊಳೆಯಿರಿ, ಮೇಜನ್ನೂ ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ.

ಬ್ಯಾಂಡೇಜ್ ಬಾಕ್ಸ್ · 11:30

ನಾನು ಚರ್ಮದ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ನರ್ಸ್. ಮಳೆ ಮುಗಿದ ವಾರಗಳಲ್ಲಿ ಈ ಗೆರೆ ಹೊತ್ತು ಬರುವವರು ಸಾಲು ಸಾಲು. ಆರು ಕಾಲು ಸರ್ ಹುಳದ ಬಗ್ಗೆ ಹೇಳಿದರು, ನಾನು ಕೈಯಲ್ಲಿ ಮಾಡುವ ಕೆಲಸ ಹೇಳುತ್ತೇನೆ.

ಮೈಮೇಲೆ ಹುಳ ಕಂಡರೆ ಊದಿ, ಇಲ್ಲವೇ ಒಂದು ಕಾಗದ ಮುಂದೆ ಹಿಡಿದು ಅದರ ಮೇಲೆ ಹತ್ತಿಸಿಕೊಂಡು ಹೊರಗೆ ಕೊಡವಿ. ಹೊಸಕಿಬಿಟ್ಟಿದ್ದರೆ ನಿಮಗೆ ಸಿಗುವ ಒಳ್ಳೆಯ ಹೊತ್ತು ಅದೇ. ಏನೂ ಉರಿಯುತ್ತಿಲ್ಲ ಅಂತ ಸುಮ್ಮನೆ ಕೂರಬೇಡಿ, ಎದ್ದು ಹೋಗಿ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಸೋಪಿನ ನೊರೆ ಮಾಡಿ, ಮೆತ್ತಗೆ, ಎರಡು ಮೂರು ಸಲ. ಒದ್ದೆ ಬಟ್ಟೆಯಲ್ಲಿ ಒರೆಸುವುದು ತೊಳೆದ ಹಾಗಲ್ಲ, ಗೆರೆಯನ್ನು ಅಗಲ ಮಾಡಿದ ಹಾಗೆ. ಹೊಸಕಿದ ಕೈಯನ್ನೂ ತೊಳೆಯಿರಿ, ಅಲ್ಲೀತನಕ ಆ ಕೈ ಮುಖಕ್ಕೆ ಹೋಗಬಾರದು. ಅಂಗೈ ಚರ್ಮ ದಪ್ಪ, ಅಲ್ಲಿ ಏನೂ ಕಾಣದೇ ಇರಬಹುದು. ಅದೇ ಕೈ ಕಣ್ಣಿಗೆ ಹೋದರೆ ಕಥೆ ಬೇರೆ.

ಕಿಟಕಿ ಪಕ್ಕದವರೇ, ನಿಮಗೆ ಆ ಹೊತ್ತು ದಾಟಿದೆ. ಈಗ ತೊಳೆದರೂ ಎದ್ದ ಗೆರೆ ವಾಪಸ್ ಹೋಗುವುದಿಲ್ಲ. ಆದರೂ ಒಮ್ಮೆ ಸೋಪಿನಲ್ಲಿ ಮೆತ್ತಗೆ ತೊಳೆದು, ಮಂಗಳವಾರ ಹಾಕಿದ್ದ ಅಂಗಿ, ಟವೆಲ್, ದಿಂಬಿನ ಕವರ್ ಎಲ್ಲ ಒಗೆಯಲು ಹಾಕಿ. ಅಂಗಿಯ ಕಾಲರ್ ನೋಡಿ, ಅಲ್ಲಿ ಇನ್ನೂ ಇರಬಹುದು.

ಉರಿಗೆ ತಣ್ಣೀರಿನ ಬಟ್ಟೆ. ಶುಭ್ರವಾದ ಬಟ್ಟೆ ನೆನೆಸಿ, ಹಿಂಡಿ, ಹತ್ತು ಹದಿನೈದು ನಿಮಿಷ ಮೇಲಿಡಿ, ದಿನಕ್ಕೆ ನಾಲ್ಕೈದು ಸಲ. ಮಂಜುಗಡ್ಡೆ ನೇರವಾಗಿ ಇಡಬೇಡಿ. ಗುಳ್ಳೆ ಒಡೆಯಬೇಡಿ, ಅದರ ಮೇಲಿನ ಚರ್ಮವೇ ನಿಮ್ಮ ಬ್ಯಾಂಡೇಜ್. ತಾನಾಗಿ ಒಡೆದರೆ ತೊಳೆದು, ತೆಳ್ಳಗೆ ವ್ಯಾಸಲೀನ್ ಹಚ್ಚಿ, ಅಂಟದ ಗಾಜ್ ಸಡಿಲವಾಗಿ ಇಡಿ. ಚಿಕ್ಕ ಗೆರೆಗೆ ಇಷ್ಟೇ ಸಾಕಾಗುತ್ತದೆ. ಉರಿ ಜಾಸ್ತಿ ಇದ್ದರೆ ಡಾಕ್ಟರು ಕೆಲವು ದಿನಕ್ಕೆ ಸ್ಟೆರಾಯ್ಡ್ ಕ್ರೀಮ್ ಬರೆಯುತ್ತಾರೆ. ಯಾವುದು, ಎಷ್ಟು ದಿನ ಅಂತ ಅವರೇ ಹೇಳಲಿ. ಕತ್ತಿನ, ಮುಖದ ಚರ್ಮ ತೆಳ್ಳಗಿರುತ್ತದೆ, ಗಟ್ಟಿ ಕ್ರೀಮ್ ಅಲ್ಲಿಗೆ ಆಗಿಬರುವುದಿಲ್ಲ.

ಕಣ್ಣು ಹೇಗಿದೆ, ಅದನ್ನು ಮಾತ್ರ ಬೇಗ ಹೇಳಿ.

ನೇರ ಮಾತು · 11:45

ಕ್ರೀಮ್ ಬೇಕಾದರೆ ನನ್ನ ಹತ್ತಿರ ಒಂದು ಟ್ಯೂಬ್ ಇದೆ. ಹುಳಕಡ್ಡಿಗೆ ಕೊಟ್ಟಿದ್ದು, ಮೂರು ನಾಲ್ಕು ಔಷಧಿ ಒಂದರಲ್ಲೇ ಸೇರಿದೆ. ಎಲ್ಲದಕ್ಕೂ ಕೆಲಸ ಮಾಡುತ್ತದೆ. ಫೋಟೋ ಹಾಕಲಾ?

ಬ್ಯಾಂಡೇಜ್ ಬಾಕ್ಸ್ · 11:52

ದಯವಿಟ್ಟು ಹಾಕಬೇಡಿ. ಅದರಲ್ಲಿ ಇಲ್ಲಿಗೆ ಬೇಡದ ಎರಡು ಔಷಧಿ, ಜೊತೆಗೆ ಕತ್ತಿಗೆ ಬಹಳ ಗಟ್ಟಿಯಾದ ಸ್ಟೆರಾಯ್ಡ್ ಇರುತ್ತದೆ. ಇದರಲ್ಲಿ ಫಂಗಸ್ಸೇ ಇಲ್ಲ, ಫಂಗಸ್ ಔಷಧಿ ಯಾರಿಗೆ?

ಕಿಟಕಿ ಪಕ್ಕದವನು · ಮಧ್ಯಾಹ್ನ 3:30

ಕಣ್ಣಿನ ವಿಷಯ ಕೇಳಿದಿರಿ. ಬೆಳಿಗ್ಗೆ ಬರೆಯುವಾಗ ಏನೂ ಇರಲಿಲ್ಲ. ಈಗ ಬಲಗಣ್ಣಿನ ಕೆಳರೆಪ್ಪೆ ಊದಿಕೊಂಡಿದೆ, ನೀರು ಸುರಿಯುತ್ತಿದೆ. ಬೆಳಕು ನೋಡಿದರೆ ಚುಚ್ಚಿದ ಹಾಗಾಗುತ್ತದೆ.

ಮಧ್ಯೆ ಹತ್ತಿರದ ಒಬ್ಬ ಡಾಕ್ಟರ ಹತ್ತಿರ ಹೋಗಿಬಂದೆ. ದೂರದಿಂದ ಕತ್ತು ನೋಡಿ ಸರ್ಪಸುತ್ತು ಅಂದರು. ದಿನಕ್ಕೆ ಐದು ಸಲ ನುಂಗುವ ವೈರಸ್ ಮಾತ್ರೆ ಬರೆದಿದ್ದಾರೆ. ಮೊಣಕೈ ತೋರಿಸಲು ಹೋದೆ, ಅಷ್ಟರಲ್ಲಿ ಮುಂದಿನವರನ್ನು ಕರೆದರು. ಈಗ ಮಾತ್ರೆ ತಗೊಳ್ಳಲಾ ಬೇಡವಾ?

ಬ್ಯಾಂಡೇಜ್ ಬಾಕ್ಸ್ · 3:38

ಮೊದಲು ಕಣ್ಣು. ಲೆನ್ಸ್ ಹಾಕಿದ್ದರೆ ಕೈ ತೊಳೆದು ತೆಗೆಯಿರಿ. ತಲೆಯನ್ನು ಬಲಕ್ಕೆ ವಾಲಿಸಿ, ರೆಪ್ಪೆ ಬಿಡಿಸಿ ಹಿಡಿದು, ಶುದ್ಧವಾದ ಉಗುರುಬೆಚ್ಚಗಿನ ಇಲ್ಲವೇ ತಣ್ಣನೆ ನೀರನ್ನು ಮೂಗಿನ ಕಡೆಯಿಂದ ಹೊರಕ್ಕೆ ಹದಿನೈದು ನಿಮಿಷ ಮೆಲ್ಲಗೆ ಹರಿಸಿ. ಕಣ್ಣಿಗೆ ತಗುಲಿದ ಕೂಡಲೇ ಮಾಡಿದ್ದರೆ ಹೆಚ್ಚು ಉಪಯೋಗ ಆಗುತ್ತಿತ್ತು, ಈಗ ಉಳಿದಿದ್ದೇನಾದರೂ ಇದ್ದರೆ ಹೋಗಲಿ. ಉಜ್ಜಬೇಡಿ. ಆಮೇಲೆ ಇವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ನಾಳೆ ನೋಡೋಣ ಅನ್ನಬೇಡಿ. ಬೆಳಕು ಚುಚ್ಚುತ್ತಿದೆ ಅಂದರೆ ಕರಿಗುಡ್ಡೆಯ ಮೇಲೆ ಗೀರು ಬಿದ್ದಿದೆಯಾ ಅಂತ ಬಣ್ಣ ಹಾಕಿ ನೋಡಬೇಕು. ಮನೆಯಲ್ಲಿ ಬಿದ್ದಿರುವ ಹಳೇ ಡ್ರಾಪ್ಸ್ ಹಾಕಬೇಡಿ. ಸ್ಟೆರಾಯ್ಡ್ ಡ್ರಾಪ್ಸ್ ಅಂತೂ ತಪಾಸಣೆ ಆಗದೆ ಬೇಡವೇ ಬೇಡ.

ಮಾತ್ರೆ ಬಗ್ಗೆ ಇಲ್ಲಿಂದ ಬೇಡ ಅನ್ನಲಾರೆ. ನಿಜವಾಗಿ ಸರ್ಪಸುತ್ತು ಆಗಿದ್ದರೆ ಆ ಮಾತ್ರೆ ಬೇಗ ಶುರುವಾಗಬೇಕು, ಕಣ್ಣಿನ ಹತ್ತಿರ ಆದರಂತೂ ಇನ್ನೂ ಬೇಗ. ಚೀಟಿ ತಗೊಂಡೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮಂಗಳವಾರದ ಕಥೆ ಪೂರ್ತಿ ಹೇಳಿ, ಕೈ ಮಡಚಿ ತೋರಿಸಿ.

ಆರು ಕಾಲು · 4:05

ಅವರ ಮಾತಿಗೆ ಒಂದೇ ಸೇರಿಸುತ್ತೇನೆ. ಪೂರ್ವ ಆಫ್ರಿಕಾದಲ್ಲಿ ಈ ಹುಳಕ್ಕೆ ನೈರೋಬಿ ಫ್ಲೈ ಅಂತಲೇ ಹೆಸರು, ಕಣ್ಣು ಹೀಗೆ ಊದಿದರೆ ನೈರೋಬಿ ಕಣ್ಣು ಅನ್ನುತ್ತಾರೆ. ಹುಳ ಕಣ್ಣೊಳಗೆ ಬೀಳುವುದು ಅಪರೂಪ. ವಿಷ ಹತ್ತಿದ ಬೆರಳು ಅಲ್ಲಿಗೆ ಹೋಗುತ್ತದೆ.

ಸರ್ಪಸುತ್ತು ಒಂದು ನರದ ದಾರಿ ಹಿಡಿದು ಬರುತ್ತದೆ. ಹಾಗಾಗಿ ಮೈಯ ಒಂದೇ ಬದಿಯಲ್ಲಿರುತ್ತದೆ, ನಡುಗೆರೆ ದಾಟುವುದು ಬಹಳ ಕಡಿಮೆ. ಗುಳ್ಳೆ ಏಳುವ ಎರಡು ಮೂರು ದಿನ ಮೊದಲೇ ಆ ಜಾಗದಲ್ಲಿ ಒಳಗಿನಿಂದ ನೋವು ಶುರುವಾಗಿರುತ್ತದೆ. ನಿಮ್ಮ ಗೆರೆ ಗಂಟಲಿನ ನಡುವೆ ದಾಟಿದೆ, ಮೊದಲು ನೋವಿರಲಿಲ್ಲ, ಕತ್ತಿಗೂ ಮೊಣಕೈಗೂ ಒಂದೇ ನರ ಇಲ್ಲ. ಇದು ನನ್ನ ಲೆಕ್ಕ. ಕೈಯಿಟ್ಟು ನೋಡುವವರು ಬೇರೆ ಹೇಳಿದರೆ ಅವರದ್ದೇ ಸರಿ.

ನಿದ್ದೆಗೇಡಿ · 4:20

ತಿಗಣೆ ಅಂದಿದ್ದು ವಾಪಸ್. ಆದರೂ ಮಂಚ ಒಮ್ಮೆ ನೋಡಿ.

ಕಿಟಕಿ ಪಕ್ಕದವನು · ರಾತ್ರಿ 9:15

ಕಣ್ಣಿನ ಡಾಕ್ಟರ್ ಹಳದಿ ಬಣ್ಣದ ಡ್ರಾಪ್ಸ್ ಹಾಕಿ ನೀಲಿ ಲೈಟಿನಲ್ಲಿ ನೋಡಿದರು. ಕರಿಗುಡ್ಡೆಗೆ ಏನೂ ಆಗಿಲ್ಲ, ರೆಪ್ಪೆ ಮತ್ತು ಬಿಳಿಭಾಗದ ಪೊರೆ ಮಾತ್ರ ಕೆರಳಿದೆ ಅಂದರು. ಡ್ರಾಪ್ಸ್ ಕೊಟ್ಟಿದ್ದಾರೆ, ಎರಡು ದಿನ ಬಿಟ್ಟು ಬರಬೇಕು. ಕೈ ಮಡಚಿ ತೋರಿಸಿದ ತಕ್ಷಣ ನಕ್ಕುಬಿಟ್ಟರು, ಈ ವಾರ ನೀವು ನಾಲ್ಕನೆಯವರು ಅಂದರು. ಅಲ್ಲೇ ಚರ್ಮದ ಡಾಕ್ಟರಿಗೆ ತೋರಿಸಿದರು. ವೈರಸ್ ಮಾತ್ರೆ ಬೇಡ ಅಂದರು. ಕತ್ತಿಗೆ ಒಂದು ಮೃದು ಸ್ಟೆರಾಯ್ಡ್ ಕ್ರೀಮ್, ದಿನಕ್ಕೆ ಎರಡು ಸಲ, ಐದು ದಿನ ಮಾತ್ರ.

ಮಂಗಳವಾರದ ಅಂಗಿ ಒಗೆಯುವ ಬುಟ್ಟಿಯಲ್ಲಿ ಸಿಕ್ಕಿತು. ಕಾಲರಿನ ಒಳಮಡಿಕೆಯಲ್ಲಿ ಅರ್ಧ ಹುಳ ಅಂಟಿತ್ತು. ಕಿತ್ತಳೆ ಹೊಟ್ಟೆ, ಕಪ್ಪು ಬಾಲ.

ಹೆಂಡತಿಗೆ ಒಂದು ಭಯ. ಗುಳ್ಳೆ ನೀರು ತಾಗಿದರೆ ಮಗುವಿಗೂ ಬರುತ್ತದಾ?

ಬ್ಯಾಂಡೇಜ್ ಬಾಕ್ಸ್ · 9:40

ಒಳ್ಳೇದಾಯಿತು. ಇದು ಅಂಟುರೋಗ ಅಲ್ಲ, ಮಗುವನ್ನು ಎತ್ತಿಕೊಳ್ಳಬಹುದು. ಮಗುವಿಗೆ ತಾಗಬಾರದಾಗಿದ್ದು ಆ ಅಂಗಿ. ಅದನ್ನು ಬೇರೆಯಾಗಿ ಒಗೆಯಿರಿ.

ನಾಳೆ, ನಾಡಿದ್ದು ಗೆರೆ ನೋಡಲು ಇನ್ನೂ ಕೆಟ್ಟದಾಗಿ ಕಾಣುತ್ತದೆ, ಗಾಬರಿ ಬೇಡ. ಹೊಸ ಗೆರೆ ಎದ್ದರೆ ಹರಡುತ್ತಿದೆ ಅನ್ನಿಸುತ್ತದೆ, ಅದೂ ಮಂಗಳವಾರದ್ದೇ, ತಡವಾಗಿ ಎದ್ದಿದ್ದು. ಆದರೆ ಗೆರೆಯ ಸುತ್ತ ಕೆಂಪು ದಿನದಿಂದ ದಿನಕ್ಕೆ ಅಗಲವಾಗಿ, ಬಿಸಿಯಾಗಿ, ದಪ್ಪ ಹಳದಿ ಕೀವು ಬಂದರೆ, ಇಲ್ಲ ಜ್ವರ ಬಂದರೆ, ಉಗುರು ತಾಗಿ ಸೋಂಕಾಗಿದೆ ಅಂತ. ಆಗ ವಾಪಸ್ ಹೋಗಿ.

ವೈರ್‌ಮನ್ · ಶುಕ್ರವಾರ, ಬೆಳಿಗ್ಗೆ 6:50

ಲೈಟಿನ ಬಗ್ಗೆ ಯಾರೂ ಮಾತಾಡಲೇ ಇಲ್ಲ. ಬಿಳಿ ಟ್ಯೂಬ್ ತೆಗೆದು ಹಳದಿ ಬಲ್ಬ್ ಹಾಕಿ, ಹುಳ ಬರುವುದೇ ಇಲ್ಲ. ನಿನ್ನೆ ರಾತ್ರಿ ಪರೀಕ್ಷೆ ಮಾಡಿದೆ. ಎರಡು ಬಿಳಿ ಬೆಡ್‌ಶೀಟ್ ಕಟ್ಟಿ, ಒಂದರ ಮುಂದೆ ಬಿಳಿ, ಇನ್ನೊಂದರ ಮುಂದೆ ಹಳದಿ ಎಲ್‌ಇಡಿ. ಎರಡು ಗಂಟೆ ಬಿಟ್ಟು ನೋಡಿದರೆ ಬಿಳಿಯ ಮೇಲೆ ಎಣಿಸಲಾಗದಷ್ಟು, ಹಳದಿ ಮೇಲೆ ಏಳೆಂಟು. ಅದರಲ್ಲಿ ನಿಮ್ಮ ಕಿತ್ತಳೆ ಹುಳ ಬಿಳಿಯ ಮೇಲೆ ಐದು, ಹಳದಿ ಮೇಲೆ ಒಂದು.

ಆರು ಕಾಲು · 7:30

ಬರುವುದೇ ಇಲ್ಲ ಅಂದಿರಿ, ಒಂದು ಬಂದಿದೆಯಲ್ಲ! ತಮಾಷೆಗೆ ಅಂದೆ. ನೀಲಿ ಕಡೆಯ ಬೆಳಕು ಜಾಸ್ತಿ ಇದ್ದರೆ ಹುಳ ಜಾಸ್ತಿ, ಅದು ನಿಜ. ಆದರೆ ನಿಮ್ಮ ಎರಡು ಬಲ್ಬ್ ಒಂದೇ ವ್ಯಾಟಾ? ಎರಡೂ ಶೀಟ್ ಪಕ್ಕಪಕ್ಕ ಇದ್ದವಾ? ಪಕ್ಕದಲ್ಲಿದ್ದರೆ ಬಿಳಿಗೆ ಬಂದ ಹುಳ ಹಳದಿಗೆ ಹಾರಿರಬಹುದು, ಹಳದಿಗೆ ಬರಬೇಕಾದದ್ದನ್ನು ಬಿಳಿ ಎಳೆದುಕೊಂಡಿರಬಹುದು.

ವೈರ್‌ಮನ್ · 7:41

ಹಳದಿ ಒಂಬತ್ತು ವ್ಯಾಟ್, ಬಿಳಿ ಹದಿನೆಂಟು. ಅಯ್ಯೋ ಬಿಡಿ, ಇವತ್ತು ಒಂದೇ ವ್ಯಾಟ್ ಹಾಕಿ ಮತ್ತೆ ಮಾಡುತ್ತೇನೆ.

ಹೂದೋಟ · 8:10

ನಾವು ಬಲ್ಬ್ ಬದಲಾಯಿಸಲಿಲ್ಲ, ಜಾಗ ಬದಲಾಯಿಸಿದೆವು. ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ, ದೀಪ ಕೂರುವ ಜಾಗದ ತಲೆ ಮೇಲಿಂದ ದೂರಕ್ಕೆ. ಹೊರಗಿನ ಲೈಟ್ ಬಾಗಿಲ ಮೇಲೆ ಇತ್ತು, ಬಾಗಿಲು ತೆಗೆದರೆ ಹುಳ ಒಳಗೇ ಬೀಳುತ್ತಿತ್ತು. ಅದನ್ನು ಗೇಟಿನ ಕಂಬಕ್ಕೆ ಸಾಗಿಸಿದೆವು. ಮಂಚವನ್ನೂ ಲೈಟಿನ ಅಡಿಯಿಂದ ಸರಿಸಿದೆವು, ಯಾಕೆಂದರೆ ಲೈಟಿಗೆ ಬಡಿದ ಹುಳ ನೇರ ಹಾಸಿಗೆಗೇ ಬೀಳುತ್ತದೆ.

ತೋಟಕ್ಕೆಲ್ಲ ಔಷಧಿ ಹೊಡೆಸೋಣ ಅಂತ ಯಜಮಾನರು ಅಂತಿದ್ದಾರೆ.

ಆರು ಕಾಲು · 8:30

ಪೆಡೆರಸ್ಸಿಗಾಗಿ ಬೇಡ ಅಕ್ಕ. ಅದು ಒದ್ದೆ ಮಣ್ಣಿನಲ್ಲಿ, ಗದ್ದೆಯಲ್ಲಿ ಇದ್ದುಕೊಂಡು ಬೆಳೆ ತಿನ್ನುವ ಸಣ್ಣ ಹುಳಗಳನ್ನೇ ತಿನ್ನುತ್ತದೆ. ಹಗಲಲ್ಲಿ ನಮ್ಮ ಕೆಲಸದವನು, ರಾತ್ರಿ ಲೈಟಿಗೆ ಬಂದಾಗ ಮಾತ್ರ ಶತ್ರು. ನಿಮ್ಮ ದಾಸವಾಳದ ಜೀರುಂಡೆಯನ್ನು ಬೇಕಾದರೆ ಕೈಗವಸು ಹಾಕಿ ಸೋಪು ನೀರಿನ ಬಕೆಟ್ಟಿಗೆ ಕೊಡವಿ. ಅದು ದನದ ಮೇವಿನೊಳಗೆ ಸೇರದ ಹಾಗೆ ನೋಡಿಕೊಳ್ಳಿ. ಕ್ಯಾಂಥರಿಡಿನ್ ಹೊಟ್ಟೆಗೆ ಹೋದರೆ ಚರ್ಮದ ಗುಳ್ಳೆಗಿಂತ ಬಹಳ ಕೆಟ್ಟದ್ದು, ಒಣಹುಲ್ಲಿನಲ್ಲಿ ಸತ್ತ ಹುಳ ತಿಂದು ಕುದುರೆಗಳು ಸಾಯುವುದುಂಟು.

ಎರಡು ಮಕ್ಕಳ ತಾಯಿ · ಶನಿವಾರ, ಬೆಳಿಗ್ಗೆ 9:00

ಬರಿಗೈಯಲ್ಲಿ ಗುಡಿಸಿದ್ದೆ ಅಂದಿದ್ದೆನಲ್ಲ, ಎರಡು ದಿನ ಆಯಿತು, ಕೈಗೆ ಏನೂ ಆಗಿಲ್ಲ. ಆದರೆ ಮಗಳ ಕೆನ್ನೆ ಮೇಲೆ ಬೇಳೆಯಷ್ಟು ಒಂದು ಕೆಂಪು ಮಚ್ಚೆ ಎದ್ದಿದೆ. ಉರಿಯಲ್ಲ, ತುರಿಕೆ ಅಂತಾಳೆ. ಗೆರೆ ಥರ ಇಲ್ಲ. ಇದು ಅದೇನಾ?

ಬ್ಯಾಂಡೇಜ್ ಬಾಕ್ಸ್ · 9:30

ಒಂದೇ ಮಚ್ಚೆ, ಉರಿ ಇಲ್ಲ, ತುರಿಕೆ ಅಂದರೆ ಸೊಳ್ಳೆ ಕೂಡ ಇರಬಹುದು. ಒಂದು ಮಚ್ಚೆ ನೋಡಿ ಹೇಳಲಾಗದು. ಹುಳದ್ದೇ ಆದರೆ ನಾಳೆಗೆ ಉರಿ ಏರಿ ನಡುವೆ ಸಣ್ಣ ಬಿಳಿ ಗುಳ್ಳೆ ಕಾಣಬಹುದು. ಉಗುರು ಕತ್ತರಿಸಿ, ತಣ್ಣೀರಿನ ಬಟ್ಟೆ ಇಡಿ. ಕಣ್ಣಿನ ಕಡೆ ಊತ ಬಂದರೆ ಕಾಯಬೇಡಿ.

ಕಿಟಕಿ ಪಕ್ಕದವನು · ಹನ್ನೆರಡು ದಿನ ಬಿಟ್ಟು, ಸಂಜೆ 6:20

ಯಾರಾದರೂ ಇದೇ ಹುಡುಕಿಕೊಂಡು ಬಂದರೆ ಅಂತ ಬರೆಯುತ್ತಿದ್ದೇನೆ. ಮೂರನೇ ದಿನ ಅತಿ ಕೆಟ್ಟದಾಗಿತ್ತು, ಕತ್ತು ತಿರುಗಿಸಲು ಆಗುತ್ತಿರಲಿಲ್ಲ. ಐದನೇ ದಿನ ಗುಳ್ಳೆ ಒಣಗಿ ಹಕ್ಕಳೆ ಕಟ್ಟಿತು. ಒಂಬತ್ತರ ಹೊತ್ತಿಗೆ ಹಕ್ಕಳೆ ತಾನಾಗಿ ಉದುರಿತು. ಕಣ್ಣು ನಾಲ್ಕೇ ದಿನದಲ್ಲಿ ಸರಿಹೋಯಿತು. ಈಗ ಕತ್ತಿನಲ್ಲಿ ಕಂದು ಗೆರೆ ಉಳಿದಿದೆ. ತಿಂಗಳುಗಟ್ಟಲೆ ಇರಬಹುದು, ಬಿಸಿಲು ತಾಗಿಸಬೇಡಿ ಅಂದಿದ್ದಾರೆ. ಮೊಣಕೈಯದು ಆಗಲೇ ಮಾಸುತ್ತಿದೆ.

ನಿನ್ನೆ ಸಂಜೆ ಅದೇ ಲೆಕ್ಕದ ಪುಸ್ತಕದ ಮೇಲೆ ಒಂದು ಕೂತಿತ್ತು. ಬಾಲ ಎತ್ತಿಕೊಂಡು ಪುಟದ ಅಂಚಿನಲ್ಲಿ ಓಡುತ್ತಿತ್ತು. ಕೈ ಎತ್ತಿದವನು ಅಲ್ಲೇ ನಿಲ್ಲಿಸಿದೆ. ಪುಸ್ತಕ ಸಮೇತ ಹೊರಗೆ ತಗೊಂಡು ಹೋಗಿ ಊದಿದೆ.

ವೈರ್‌ಮನ್ · 6:45

ಒಂದೇ ವ್ಯಾಟ್, ಬೇರೆ ಬೇರೆ ಗೋಡೆ, ಮೂರು ರಾತ್ರಿ ಮಾಡಿದೆ. ಎರಡು ರಾತ್ರಿ ಬಿಳಿಗೆ ಜಾಸ್ತಿ, ಒಂದು ರಾತ್ರಿ ಹೆಚ್ಚುಕಡಿಮೆ ಸಮ. ಆ ರಾತ್ರಿ ಹುಣ್ಣಿಮೆ ಹತ್ತಿರ ಇತ್ತು, ಅದಕ್ಕಿರಬಹುದಾ?

ಆರು ಕಾಲು · 7:15

ಇರಬಹುದು. ಗಾಳಿಯೂ ಇರಬಹುದು. ಆ ರಾತ್ರಿ ಮಳೆ ಎಷ್ಟು ಹೊತ್ತಿಗೆ ನಿಂತಿತು, ನೆನಪಿದೆಯಾ?